ತುಮಕೂರಿನ ಹನ್ನೊಂದು ಕ್ಷೇತ್ರ ಹತ್ತಾಗುವ ಮುಂಚೆ: ಪುನರ್ವಿಂಗಡಣಾ ಆಯೋಗಕ್ಕೂ ನಮ್ಮ ಜನಕ್ಕೂ ಒಂದು ಬಹಿರಂಗ ಪತ್ರ

ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿ ಬರಲಿರುವವರಿಗೆ, ಅದರಲ್ಲಿ ಸಹ ಸದಸ್ಯರಾಗಿ ಕೂರಲಿರುವ ನಮ್ಮ ಸಂಸದರು ಮತ್ತು ಶಾಸಕರಿಗೆ, ಹಾಗೇ ತುಮಕೂರು ಜಿಲ್ಲೆಯ ನನ್ನ ಜನಕ್ಕೆ ನಮಸ್ಕಾರ.

ನಾನು ಶಿರಾ ತಾಲ್ಲೂಕು ಬುಕ್ಕಾಪಟ್ಟಣ ಹೋಬಳಿಯ ಒಂದು ಹಳ್ಳಿಯವನು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಡಿಲಿಮಿಟೇಷನ್, ಅಂದರೆ ಜನಸಂಖ್ಯೆ ನೋಡಿ ಕ್ಷೇತ್ರಗಳನ್ನು ಹೊಸದಾಗಿ ಹಂಚಿ ಗೆರೆ ಎಳೆಯುವ ಕೆಲಸ, ಅಂದ ಕೂಡಲೇ ಎಲ್ಲ ಕಡೆ ಉತ್ತರ, ದಕ್ಷಿಣದ ಮಾತೇ ಕೇಳಿಬರುತ್ತದೆ. ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳಿಗೆ ಲೋಕಸಭೆಯಲ್ಲಿ ಸೀಟು ಕಮ್ಮಿಯಾಗಬಾರದು ಅನ್ನುವ ಮಾತು ನ್ಯಾಯವಾದದ್ದೇ. ನಾನೂ ಅದೇ ಪಕ್ಷ. ಆದರೆ ಅದೇ ಲೆಕ್ಕ ನಮ್ಮ ರಾಜ್ಯದೊಳಗೆ ಬೆಂಗಳೂರಿಗೂ ತುಮಕೂರಿಗೂ ನಡುವೆ ಒಂದು ಸಲ ಆಗಲೇ ನಡೆದುಹೋಗಿದೆ. ಇನ್ನೊಂದು ಸಲ ನಡೆಯಲಿದೆ. ಅದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಅಷ್ಟಾಗಿ ಮಾತಾಡುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಂದು ಮನೆಯ ವಿಷಯ ಹೇಳುತ್ತೇನೆ. 2011ರ ಜನಗಣತಿಯಲ್ಲಿ ನಾನು ಗಣತಿದಾರನಾಗಿದ್ದೆ. ಫೆಬ್ರುವರಿ 9ರಿಂದ 28ರವರೆಗೆ ಮನೆಮನೆ ಸುತ್ತಬೇಕಿತ್ತು. ನಮ್ಮ ಕಡೆ ಅದು ಹುಣಸೆಹಣ್ಣಿನ ಕಾಲ. ಒಂದು ಮನೆಯ ಜಗಲಿಯಲ್ಲಿ ಅಜ್ಜ, ಅಜ್ಜಿ ಕೂತು ಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ನಾನು ನಮೂನೆ ಬಿಡಿಸಿ ಕೂತೆ.

"ಬರ್ಕಳಿ ಮೇಷ್ಟ್ರೇ, ನಾವು ಆರು ಜನ" ಅಂದರು ಅಜ್ಜ.

ರೇಷನ್ ಕಾರ್ಡಿನಲ್ಲೂ ಆರು ಹೆಸರಿತ್ತು. ಆದರೆ ಮಗ ಪೀಣ್ಯದಲ್ಲಿ ಕೆಲಸಕ್ಕಿದ್ದ. ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಎರಡು ಮಕ್ಕಳು ಅಲ್ಲೇ ಶಾಲೆಗೆ ಸೇರಿದ್ದವು. ಈ ತಿಂಗಳ ಕೊನೆಯೊಳಗೆ ಊರಿಗೆ ಬರುತ್ತಾರಾ ಅಂತ ಕೇಳಿದೆ. "ಯುಗಾದಿಗೆ ಬತ್ತಾರೆ" ಅಂದರು. ಆ ವರ್ಷ ಯುಗಾದಿ ಏಪ್ರಿಲ್‌ನಲ್ಲಿ. ನಿಯಮ ಏನಂದರೆ, ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲೇ ಬರೆಯಬೇಕು. ಗಣತಿಯ ಅಷ್ಟೂ ದಿನ ಊರಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ನಾನು ಎರಡು ಹೆಸರು ಬರೆದೆ.

"ಹಂಗಾದ್ರೆ ನನ್ ಮಗ ಈ ಊರೋನಲ್ವಾ? ಓಟು ಇಲ್ಲೇ ಐತಲ್ಲ!"

ನನ್ನ ಹತ್ತಿರ ಉತ್ತರ ಇರಲಿಲ್ಲ. 2013ರ ಮೇ ತಿಂಗಳ ಚುನಾವಣೆಗೆ ಆ ಮಗ, ಸೊಸೆ ಇಬ್ಬರೂ ಬಸ್ಸಿನಲ್ಲಿ ಬಂದು ನಮ್ಮ ಶಾಲೆಯ ಬೂತಿನಲ್ಲೇ ಓಟು ಹಾಕಿ ರಾತ್ರಿ ಬಸ್ಸಿಗೆ ವಾಪಸ್ ಹೋದರು. ತಲೆ ಲೆಕ್ಕ ಬೆಂಗಳೂರಿಗೆ, ಓಟು ಬುಕ್ಕಾಪಟ್ಟಣಕ್ಕೆ. ಕ್ಷೇತ್ರಗಳನ್ನು ಹಂಚುವಾಗ ಆಯೋಗ ನೋಡುವುದು ಮತದಾರರ ಪಟ್ಟಿಯನ್ನಲ್ಲ, ಜನಗಣತಿಯ ತಲೆ ಲೆಕ್ಕವನ್ನು. ಅಂದರೆ ಆ ಮನೆಯ ಆರು ಜನರಲ್ಲಿ ನಾಲ್ಕು ಜನ ಬೆಂಗಳೂರಿನ ಯಾವುದೋ ಕ್ಷೇತ್ರಕ್ಕೆ ಬಲ ಕೊಟ್ಟರು. ಆ ಇಬ್ಬರು ಓಟು ಹಾಕುವ ಕ್ಷೇತ್ರಕ್ಕೆ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಕಾನೂನಿನ ಪ್ರಕಾರ ಮತದಾರರ ಪಟ್ಟಿಯಲ್ಲೂ ಹೆಸರು ವಾಸ ಇರುವ ಕಡೆಯೇ ಇರಬೇಕು, ಊರಲ್ಲಿ ಮನೆ ಇದ್ದ ಮಾತ್ರಕ್ಕೆ ಸಾಲದು. ಅದು ನನಗೆ ಗೊತ್ತು. ಆದರೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವವರು ಓಟನ್ನು ಊರಲ್ಲೇ ಉಳಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಪ್ರತಿ ಹಳ್ಳಿಯಲ್ಲೂ ಇಂಥ ಮನೆಗಳಿವೆ.

ಈಗ ಇದೇ ವಿಷಯ ಇಡೀ ಜಿಲ್ಲೆಗೆ ಹೇಗೆ ಆಗುತ್ತದೆ ನೋಡೋಣ. 2001ರಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 25,84,711. 2011ರಲ್ಲಿ 26,78,980. ಹತ್ತು ವರ್ಷದಲ್ಲಿ ಹೆಚ್ಚಿದ್ದು ಶೇ 4ಕ್ಕಿಂತ ಕಮ್ಮಿ. ಅದೇ ಹತ್ತು ವರ್ಷದಲ್ಲಿ ರಾಜ್ಯ ಶೇ 15.6ರಷ್ಟು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ನಮ್ಮಲ್ಲಿ ಮಕ್ಕಳ ಸಂಖ್ಯೆ ಕಮ್ಮಿಯಾಗಿದೆ, ಅದು ಒಳ್ಳೆಯದೇ. ಜೊತೆಗೆ ಕಡಲೆಕಾಯಿ ಕೈಕೊಟ್ಟಿತು, ಬೋರ್‌ವೆಲ್ ಬತ್ತಿದವು, ಹುಡುಗರು ಬಸ್ಸು ಹತ್ತಿದರು. ಬೆಂಗಳೂರು ಹತ್ತಿರವೇ ಇದೆ. ಹತ್ತಿರ ಇದ್ದದ್ದಕ್ಕೇ ಊರು ಖಾಲಿಯಾಯಿತು.

ಹಂಚಿಕೆಯ ಲೆಕ್ಕ ಕಷ್ಟದ್ದೇನಲ್ಲ, ನಾಲ್ಕನೇ ಕ್ಲಾಸಿನ ಭಾಗಾಕಾರ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ 224 ಸ್ಥಾನಗಳಿಂದ ಭಾಗಿಸಬೇಕು. ಬಂದದ್ದು ಸರಾಸರಿ. ಆಮೇಲೆ ಪ್ರತಿ ಜಿಲ್ಲೆಯ ಜನಸಂಖ್ಯೆಯನ್ನು ಆ ಸರಾಸರಿಯಿಂದ ಭಾಗಿಸಬೇಕು. ಬಂದದ್ದು ಆ ಜಿಲ್ಲೆಯ ಪಾಲು.

ಹೋದ ಸಲ, ಅಂದರೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗೆರೆ ಎಳೆದಾಗ, ರಾಜ್ಯದ ಜನಸಂಖ್ಯೆ 5.28 ಕೋಟಿ ಇತ್ತು. ಸರಾಸರಿ ಸುಮಾರು 2,35,940. ತುಮಕೂರನ್ನು ಇದರಿಂದ ಭಾಗಿಸಿದರೆ 10.95. ಅಂದರೆ 11 ಕ್ಷೇತ್ರ. ಅದಕ್ಕೆ ಮುಂಚೆ ನಮಗೆ 13 ಇದ್ದವು. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಅನ್ನುವ ಕ್ಷೇತ್ರಗಳು ಹೋದವು. ತುಮಕೂರು ಗ್ರಾಮಾಂತರ ಹೊಸದಾಗಿ ಬಂತು. ಆಗ ಇನ್ನೂ ಒಂದೇ ಲೆಕ್ಕಕ್ಕೆ ಹಿಡಿದಿದ್ದ ಕೋಲಾರ, ಚಿಕ್ಕಬಳ್ಳಾಪುರದ ಕಥೆಯೂ ಹೀಗೇ. 12 ಇದ್ದದ್ದು 11 ಆಯಿತು. ವೇಮಗಲ್ ಮತ್ತು ಬೇತಮಂಗಲ ಹೋಗಿ ಬಂಗಾರಪೇಟೆ ಬಂತು. ವೇಮಗಲ್‌ನಿಂದ ಗೆದ್ದಿದ್ದ ಕೃಷ್ಣ ಬೈರೇಗೌಡರು 2008ರಲ್ಲಿ ಬೆಂಗಳೂರಿನ ಬ್ಯಾಟರಾಯನಪುರದಿಂದ ನಿಂತು ಗೆದ್ದರು. ನಾನು ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಕ್ಷೇತ್ರಗಳು ಯಾವ ದಿಕ್ಕಿಗೆ ಹೊರಟವು ಅನ್ನುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ಬೇಡ. ಬೆಂಗಳೂರು ನಗರ ಜಿಲ್ಲೆಗೆ ಅದೇ ಲೆಕ್ಕದಲ್ಲಿ 27.7 ಬಂತು, 28 ಕ್ಷೇತ್ರ ಸಿಕ್ಕಿತು. ಆ ಹೊಸ ಗೆರೆಗಳ ಮೇಲೆ ದೇಶದಲ್ಲೇ ಮೊದಲು ನಡೆದ ವಿಧಾನಸಭಾ ಚುನಾವಣೆ ನಮ್ಮದು, 2008ರ ಮೇ ತಿಂಗಳಲ್ಲಿ.

2002ರಲ್ಲಿ ಜಾರಿಗೆ ಬಂದ ಸಂವಿಧಾನದ 84ನೇ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿ ಬರುವ ತನಕ ಸ್ಥಾನಗಳ ಸಂಖ್ಯೆಗೆ ಕೈ ಹಾಕಬಾರದು ಅಂದಿತ್ತು. ಆ ಜನಗಣತಿಯ ದಿನಾಂಕ 2027ರ ಮಾರ್ಚ್ 1 ಅಂತ ಅಧಿಸೂಚನೆಯಾಗಿದೆ. ಆಯೋಗ ಕೊನೆಗೆ ಯಾವ ಜನಗಣತಿಯನ್ನೇ ಕೈಗೆತ್ತಿಕೊಳ್ಳಲಿ, ಭಾಗಾಕಾರ ಇದೇ. ಸುಮ್ನೆ ಒಂದು ಅಂದಾಜಿಗೆ ನಾನು 2011ರ ಅಂಕಿ ಹಾಕಿ ನೋಡಿದೆ. ರಾಜ್ಯ 6,10,95,297. ಸ್ಥಾನ 224 ಹಾಗೇ ಇದ್ದರೆ ಸರಾಸರಿ ಸುಮಾರು 2,72,750. ತುಮಕೂರಿಗೆ 9.8, ಅಂದರೆ 10. ಬೆಂಗಳೂರು ನಗರಕ್ಕೆ 35. ಕೋಲಾರ 6, ಚಿಕ್ಕಬಳ್ಳಾಪುರ 5, ಅವು ಈಗಿನಷ್ಟೇ ಉಳಿಯುತ್ತವೆ. ನಮ್ಮದು ಮಾತ್ರ ಇನ್ನೊಂದು ಕಮ್ಮಿ. ಒಂದು ವೇಳೆ ವಿಧಾನಸಭೆಯ ಒಟ್ಟು ಸ್ಥಾನವನ್ನೇ ಹೆಚ್ಚು ಮಾಡಿದರೆ ನಮ್ಮ 11 ಉಳಿಯಬಹುದು, ಒಂದೆರಡು ಕೂಡಲೂಬಹುದು. ಆದರೆ ಆಗಲೂ ಬೆಂಗಳೂರಿನ ಎದುರು ನಮ್ಮ ಪಾಲು ಕುಗ್ಗುವುದು ತಪ್ಪುವುದಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರು 6 ಲಕ್ಷ ದಾಟಿದ್ದಾರೆ. ಶೃಂಗೇರಿಯಲ್ಲಿ 2 ಲಕ್ಷವೂ ಇಲ್ಲ. ಎರಡಕ್ಕೂ ಒಬ್ಬೊಬ್ಬರೇ ಶಾಸಕರು. ಬೆಂಗಳೂರಿನವರ ಓಟಿಗೆ ತೂಕ ಕಮ್ಮಿ ಅನ್ನುವುದು ಸುಳ್ಳಲ್ಲ. ಅಲ್ಲಿರುವವರಲ್ಲಿ ನಮ್ಮ ಅಜ್ಜನ ಮಗನೂ ಒಬ್ಬ. ಹಾಗಾಗಿ 11 ಅನ್ನು ಹೇಗಾದರೂ ಮಾಡಿ ಉಳಿಸಿ ಅಂತ ನಾನು ಆಯೋಗವನ್ನು ಕೇಳುತ್ತಿಲ್ಲ. ನಾನು ಕೇಳುವುದು ಆ ಹತ್ತನ್ನು ಹೇಗೆ ಕತ್ತರಿಸುತ್ತೀರಿ ಅನ್ನುವುದರ ಬಗ್ಗೆ. ಯಾಕಂದರೆ ಹೋದ ಸಲದ ಕತ್ತರಿ ಬಿದ್ದದ್ದು ನಮ್ಮ ಹೋಬಳಿಗಳ ಮೇಲೆ.

ಹೇಗೆ ಅಂತ ಹೇಳುತ್ತೇನೆ. ಪ್ರತಿ ಕ್ಷೇತ್ರದ ಜನಸಂಖ್ಯೆ ಸರಾಸರಿಗಿಂತ ಶೇ 10 ಹೆಚ್ಚು ಅಥವಾ ಕಮ್ಮಿ, ಅಷ್ಟರೊಳಗೆ ಇರಬೇಕು ಅಂತ ಹೋದ ಆಯೋಗ ಇಟ್ಟುಕೊಂಡಿತ್ತು. 2001ರ ಲೆಕ್ಕಕ್ಕೆ ಅದು ಸುಮಾರು 2,12,000ದಿಂದ 2,59,000. ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದು. ಆದರೆ ತಾಲ್ಲೂಕಿನ ಗಡಿ ದಾಟಬಹುದು. ಜನ ಕಮ್ಮಿ ಇರುವ ತಾಲ್ಲೂಕು ಒಂದೇ ಕ್ಷೇತ್ರಕ್ಕೆ ಸಾಲದು. ಪಕ್ಕದ ತಾಲ್ಲೂಕಿನಿಂದ ಒಂದು ಹೋಬಳಿ ಸಾಲ ತರಬೇಕು. ಹೀಗೆ ಕೊರಟಗೆರೆ ಕ್ಷೇತ್ರಕ್ಕೆ ತುಮಕೂರು ತಾಲ್ಲೂಕಿನ ಕೋರಾ, ಮಧುಗಿರಿ ತಾಲ್ಲೂಕಿನ ಪುರವರ ಬಂದವು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿ ತುರುವೇಕೆರೆ ಕ್ಷೇತ್ರಕ್ಕೆ ಹೋಯಿತು. ನಮ್ಮ ಬುಕ್ಕಾಪಟ್ಟಣ ಚಿಕ್ಕನಾಯಕನಹಳ್ಳಿ ಕ್ಷೇತ್ರಕ್ಕೆ ಹೋಯಿತು.

ನಮ್ಮದರ ವಿಶೇಷ ಇನ್ನೂ ಒಂದಿದೆ. ಲೋಕಸಭಾ ಕ್ಷೇತ್ರವನ್ನು ಇಡೀ ಇಡೀ ವಿಧಾನಸಭಾ ಕ್ಷೇತ್ರಗಳನ್ನು ಕೂಡಿಸಿ ಮಾಡುತ್ತಾರೆ. ತುಮಕೂರಿನ 11ರಲ್ಲಿ 8 ಮಾತ್ರ ತುಮಕೂರು ಲೋಕಸಭೆಗೆ ಸೇರಿವೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ. ನಾವು ಶಿರಾ ತಾಲ್ಲೂಕಿನವರು, ಆದರೆ ಚಿಕ್ಕನಾಯಕನಹಳ್ಳಿ ಕ್ಷೇತ್ರದಲ್ಲಿರುವುದರಿಂದ ನಮ್ಮ ಸಂಸದರು ತುಮಕೂರಿನವರು. ನನ್ನ ತಂಗಿಯನ್ನು ಕೊಟ್ಟ ಊರು ಅದೇ ಶಿರಾ ತಾಲ್ಲೂಕಿನ ಬೇರೆ ಹೋಬಳಿಯಲ್ಲಿದೆ. ಅವರ ಶಾಸಕರು ಶಿರಾದವರು, ಸಂಸದರು ಚಿತ್ರದುರ್ಗದವರು. ಪಹಣಿ, ಖಾತೆ ಅಂತ ಇಬ್ಬರೂ ಹೋಗುವುದು ಒಂದೇ ತಾಲ್ಲೂಕು ಕಚೇರಿಗೆ. ಅಲ್ಲಿ ಕೆಲಸ ನಿಂತರೆ ಭಾವನವರು ಒಂದು ಕಡೆ ಹೋಗಿ ಹೇಳಬೇಕು, ನಾನು ಇನ್ನೊಂದು ಕಡೆ. ನಮ್ಮ ಶಾಸಕರಿಗೆ ಮುಖ್ಯವಾದ ಊರು ಚಿಕ್ಕನಾಯಕನಹಳ್ಳಿ. ನಡುವೆ ಕಾಡು, ಗುಡ್ಡ. ಯಾವ ಪಕ್ಷದವರೇ ಗೆದ್ದರೂ ಅಷ್ಟೇ, ಒಂದು ಕ್ಷೇತ್ರದಲ್ಲಿ ಬೇರೆ ತಾಲ್ಲೂಕಿನ ಒಂದೇ ಹೋಬಳಿ ಇದ್ದರೆ ಅದು ಪಟ್ಟಿಯ ಕೊನೆಯಲ್ಲೇ ಇರುತ್ತದೆ. ನಾನು ಇದನ್ನು ಯಾರ ಮೇಲೂ ದೂರಾಗಿ ಬರೆಯುತ್ತಿಲ್ಲ. ಗೆರೆ ಎಳೆದ ರೀತಿಯಿಂದ ಬಂದ ಕಷ್ಟ ಇದು.

ಮೀಸಲು ಕ್ಷೇತ್ರಗಳು ಬದಲಾಗುವುದೂ ಇದೇ ಹೊತ್ತಿನಲ್ಲಿ. ಪರಿಶಿಷ್ಟ ಜಾತಿಯ ಜನರ ಪ್ರಮಾಣ ಹೆಚ್ಚಿರುವ ಕಡೆ, ಆದರೆ ಒಂದೇ ಮೂಲೆಯಲ್ಲಿ ಗುಂಪಾಗದ ಹಾಗೆ ಕೊಡಬೇಕು ಅನ್ನುವುದು ಕಾಯ್ದೆ. ಹೋಬಳಿ ಆಚೀಚೆ ಆದರೆ ಆ ಪ್ರಮಾಣವೂ ಬದಲಾಗುತ್ತದೆ. 2008ರಲ್ಲಿ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಕೊರಟಗೆರೆ ಮೀಸಲಾಯಿತು. ಮಧುಗಿರಿಯಿಂದ ಗೆಲ್ಲುತ್ತಿದ್ದ ಪರಮೇಶ್ವರ ಅವರು ಕೊರಟಗೆರೆಗೆ ಬಂದರು.

ಈ ಸಲ ಹನ್ನೊಂದು ಹತ್ತಾದರೆ ಆ ಒಂದು ಎಲ್ಲಿಂದ ಹೋಗುತ್ತದೆ? ತುಮಕೂರು ನಗರದಿಂದ ಅಲ್ಲ. 2011ರಲ್ಲೇ ನಗರ 3 ಲಕ್ಷ ದಾಟಿತ್ತು, ಒಂದು ಕ್ಷೇತ್ರಕ್ಕೆ ಮಿತಿ ಮುಟ್ಟಿದ ಹಾಗೆ. ಹೋಗುವುದು ಹಳ್ಳಿ ತಾಲ್ಲೂಕುಗಳ ಕಡೆಯದು. ಒಂದು ಕ್ಷೇತ್ರ ಮುಳುಗಿದರೆ ಅದರ ಹೋಬಳಿಗಳು ಅಕ್ಕಪಕ್ಕಕ್ಕೆ ಹಂಚಿಹೋಗುತ್ತವೆ. ಅವು ಬಂದು ಸೇರಿದ ಕ್ಷೇತ್ರ ಮಿತಿ ಮೀರಿದರೆ ಅದು ಇನ್ನೊಂದು ಹೋಬಳಿಯನ್ನು ಆಚೆ ತಳ್ಳಬೇಕು. ಅದು ಮತ್ತೊಂದನ್ನು. ಪಾವಗಡದಲ್ಲಿ ಶುರುವಾದದ್ದು ತಿಪಟೂರಿನ ತನಕ ಬರಬಹುದು. ಒಂದು ಹೋಬಳಿಯ ಜನ ಎದ್ದು ನಮ್ಮನ್ನು ನಮ್ಮ ತಾಲ್ಲೂಕಿಗೇ ಸೇರಿಸಿ ಅಂದರೆ ಆಯೋಗ ಸುಲಭವಾಗಿ ಒಪ್ಪದೇ ಇರುವುದು ಇದಕ್ಕೇ.

ಇದನ್ನು ನಮ್ಮ ಜನ ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನು ಉದಾಹರಣೆಗೆ ಇಟ್ಟದ್ದು, ಯಾವ ಊರಿನದೂ ಅಲ್ಲ. ಮಿತಿ 2001ರದೇ ಇರಲಿ. ಒಂದು ಕ್ಷೇತ್ರದಲ್ಲಿ 2,45,000 ಜನ ಇದ್ದಾರೆ, ಅದರಲ್ಲಿ 30,000 ಜನರ ಹೋಬಳಿಯೊಂದು ಪಕ್ಕದ ತಾಲ್ಲೂಕಿನದು. ಆ ಹೋಬಳಿ ತನ್ನ ತಾಲ್ಲೂಕಿಗೆ ವಾಪಸ್ ಹೋದರೆ ಉಳಿಯುವುದು 2,15,000. ಕೆಳಗಿನ ಮಿತಿ 2,12,000, ಹಾಗಾಗಿ ಈ ಕಡೆ ತೊಂದರೆ ಇಲ್ಲ. ಹೋಬಳಿ ಹೋಗಿ ಸೇರುವ ಕ್ಷೇತ್ರದಲ್ಲಿ 2,35,000 ಇದ್ದರೆ ಅದು 2,65,000 ಆಗುತ್ತದೆ. ಮೇಲಿನ ಮಿತಿ 2,59,000 ದಾಟಿಹೋಯಿತು. ಅಲ್ಲಿಂದ ಕನಿಷ್ಠ 6,000 ಜನರಷ್ಟು ಹಳ್ಳಿಗಳು ಬೇರೆ ಕಡೆಗೆ ಹೋಗಬೇಕು. ಯಾವ ಹಳ್ಳಿಗಳು? ಎಲ್ಲಿಗೆ? ಅವುಗಳಿಗೆ ಆ ಕಡೆ ಬಸ್ಸಿದೆಯಾ, ದಾರಿಯಿದೆಯಾ? ಇದಕ್ಕೆ ಉತ್ತರ ಬರೆದು ತಂದ ಆಕ್ಷೇಪಣೆಗೆ ಬೆಲೆ. "ನಮಗೆ ಅನ್ಯಾಯವಾಗಿದೆ" ಅಂತ ಸಾವಿರ ಸಹಿ ಹಾಕಿದ ಅರ್ಜಿ ಕಡತದಲ್ಲಿ ಕೂರುತ್ತದೆ ಅಷ್ಟೇ. ಹಳ್ಳಿವಾರು ಜನಸಂಖ್ಯೆಯ ಪಟ್ಟಿ ಜನಗಣತಿ ಇಲಾಖೆ ಪ್ರಕಟಿಸುತ್ತದೆ. ಅದು ಎಲ್ಲರಿಗೂ ಸಿಗುತ್ತದೆ.

ಸಮಯವೂ ತುಂಬಾ ಕಮ್ಮಿ. 2002ರ ಪುನರ್ವಿಂಗಡಣಾ ಕಾಯ್ದೆಯಲ್ಲಿ ಆಯೋಗ ಮೊದಲು ಕರಡು ಪ್ರಕಟಿಸುತ್ತದೆ, ಆಕ್ಷೇಪಣೆಗೆ ಒಂದು ದಿನಾಂಕ ಕೊಡುತ್ತದೆ, ಸಾರ್ವಜನಿಕ ಸಭೆ ನಡೆಸುತ್ತದೆ. ಅಷ್ಟೇ ಕಿಟಕಿ. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ ಮೇಲೆ ಅದು ಕಾನೂನಿನಷ್ಟೇ ಗಟ್ಟಿ. ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ತೀರಾ ಮನಸೋ ಇಚ್ಛೆ ಮಾಡಿದ್ದಾದರೆ ಕೋರ್ಟು ನೋಡಬಹುದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಂದು ಹೋಬಳಿ ಪಕ್ಕದ ಕ್ಷೇತ್ರಕ್ಕೆ ಹೋಯಿತು ಅನ್ನುವುದು ಆ ಮಟ್ಟಕ್ಕೆ ಏರುವುದು ಕಷ್ಟ.

ಮಾನ್ಯ ಅಧ್ಯಕ್ಷರೇ, ನಿಮ್ಮಲ್ಲಿ ನನ್ನ ಮನವಿ ಮೂರೇ ಮಾತು. ಕ್ಷೇತ್ರ ಒತ್ತಾಗಿರಬೇಕು, ಆಡಳಿತದ ಗಡಿ, ಓಡಾಟದ ಅನುಕೂಲ ನೋಡಬೇಕು ಅಂತ ಕಾಯ್ದೆಯಲ್ಲೇ ಇದೆ. ತಾಲ್ಲೂಕು ಒಡೆಯಲೇಬೇಕಾದರೆ ಒಂದೇ ಹೋಬಳಿಯನ್ನು ಒಂಟಿಯಾಗಿ ಕಿತ್ತು ಇನ್ನೊಂದು ತಾಲ್ಲೂಕಿಗೆ ಅಂಟಿಸಬೇಡಿ. ಎರಡು ಹೋಬಳಿ ಜೊತೆಗಿದ್ದರೆ ಅವರ ಮಾತಿಗೂ ಒಂದು ತೂಕ ಇರುತ್ತದೆ. ಅದಕ್ಕಾಗಿ ಸರಾಸರಿಯಿಂದ ಸ್ವಲ್ಪ ಆಚೀಚೆ ಆಗಬೇಕಾದರೆ ಆ ಶೇ 10ನ್ನು ಪೂರ್ತಿ ಬಳಸಿಕೊಳ್ಳಿ. ಎರಡನೆಯದು, ಕರಡನ್ನು ಕನ್ನಡದಲ್ಲಿ, ಹಳ್ಳಿಗಳ ಹೆಸರು ಮತ್ತು ಜನಸಂಖ್ಯೆ ಸಮೇತ ಪ್ರತಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಹಾಕಿಸಿ. ಮೂರನೆಯದು, ಸಭೆಯನ್ನು ಬೆಂಗಳೂರಿನಲ್ಲಿ ಮಾತ್ರ ಮಾಡಬೇಡಿ. ನಮ್ಮ ಜಿಲ್ಲೆಗೂ ಬನ್ನಿ.

ಸಹ ಸದಸ್ಯರಾಗಿ ಕೂರುವ ಸಂಸದರೇ, ಶಾಸಕರೇ, ಹಳೆಯ ಕಾಯ್ದೆಯಲ್ಲಿ ರಾಜ್ಯಕ್ಕೆ ಐದು ಸಂಸದರು, ಐದು ಶಾಸಕರು ಇದ್ದರು. ನಿಮಗೆ ಮತದ ಹಕ್ಕಿಲ್ಲ. ಆದರೆ ಆಯೋಗದ ಕರಡಿಗೆ ಒಪ್ಪಿಗೆ ಇಲ್ಲದಿದ್ದರೆ ನಿಮ್ಮ ಬೇರೆ ಪ್ರಸ್ತಾವವನ್ನೂ ಕರಡಿನ ಜೊತೆಯಲ್ಲೇ ಪ್ರಕಟಿಸಿ ಅಂತ ಕೇಳುವ ಅವಕಾಶ ಆ ಕಾಯ್ದೆಯಲ್ಲಿದೆ. ದಯವಿಟ್ಟು ಅದನ್ನು ಬಳಸಿ. ನಿಮ್ಮ ಗೆಲುವಿನ ಬೂತುಗಳನ್ನು ಕಾಪಾಡಿಕೊಳ್ಳುವುದಕ್ಕಲ್ಲ, ಒಂಟಿ ಬಿದ್ದ ಹೋಬಳಿಗಳಿಗಾಗಿ. ನಿಮ್ಮ ಪ್ರಸ್ತಾವ ಅಚ್ಚಾಗಿದ್ದರೆ ಸಭೆಯಲ್ಲಿ ಜನಕ್ಕೆ ಕೈಗೆ ಒಂದು ಹಿಡಿ ಸಿಕ್ಕ ಹಾಗೆ.

ಇನ್ನು ನಮ್ಮ ಜನಕ್ಕೆ. ಗಣತಿದಾರರು ಬಂದಾಗ ಬೆಂಗಳೂರಿನಲ್ಲಿರುವ ಮಕ್ಕಳ ಹೆಸರನ್ನು ಇಲ್ಲೇ ಬರೆಸಿ ಅಂತ ನಾನು ಹೇಳುವುದಿಲ್ಲ. ಅದು ಸುಳ್ಳು, ಅಪರಾಧ ಕೂಡ. ಆದರೆ ಊರಲ್ಲೇ ಇರುವ ಒಬ್ಬರ ಹೆಸರೂ ಬಿಟ್ಟುಹೋಗಬಾರದು. ನನ್ನ ಅನುಭವದಲ್ಲಿ ಬಿಟ್ಟುಹೋಗುವವರು ಯಾರು ಗೊತ್ತಾ? ತೋಟದ ಮನೆಯಲ್ಲಿರುವವರು, ಕುರಿ ಹಟ್ಟಿಯಲ್ಲಿರುವವರು, ಒಂಟಿ ಮುದುಕಿಯರು, ತೊಟ್ಟಿಲಲ್ಲಿರುವ ಕೂಸು. "ಮಗುವನ್ನೂ ಬರೀತೀರಾ?" ಅಂತ ತಾಯಂದಿರು ನನ್ನನ್ನು ಕೇಳಿದ್ದುಂಟು. ಬರೆಯಬೇಕು. ಕ್ಷೇತ್ರದ ಲೆಕ್ಕದಲ್ಲಿ ಆ ಕೂಸೂ ಒಂದು, ಶಾಸಕರೂ ಒಂದು. ಹುಡುಗರು ಕುರಿ ಮೇಯಿಸಲು ನಾಲ್ಕು ದಿನ ಆಚೆ ಹೋಗಿದ್ದರೆ ವಾಪಸ್ ಬರುವ ದಿನ ಹೇಳಿ ಬರೆಸಿ.

ಆ ಹುಣಸೆಹಣ್ಣಿನ ಅಜ್ಜ ಈಗಿಲ್ಲ. ಅಜ್ಜಿ ಮಗನ ಹತ್ತಿರ ಹೋದರು. ಈ ಸಲ ಆ ಮನೆಯಲ್ಲಿ ಬರೆಯುವುದಕ್ಕೆ ಒಂದು ಹೆಸರೂ ಇಲ್ಲ.

ನಾನು ನಮ್ಮ ಹೋಬಳಿಯ ಹಳ್ಳಿಗಳನ್ನೂ, ಅಕ್ಕಪಕ್ಕದ ಎರಡು ಹೋಬಳಿಗಳ ಹಳ್ಳಿಗಳನ್ನೂ 2011ರ ಜನಸಂಖ್ಯೆ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ, ಹೊಸ ಅಂಕಿಗೆ. ಸಭೆ ಎಲ್ಲಿ, ಯಾವ ದಿನ ಅಂತ ತಿಳಿಸಿದರೆ ತುಂಬಿಸಿಕೊಂಡು ಬರುತ್ತೇನೆ.

ಇಂತಿ,
ಬುಕ್ಕಾಪಟ್ಟಣ ಹೋಬಳಿಯ ಒಬ್ಬ ನಿವೃತ್ತ ಮೇಷ್ಟ್ರು
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ